ಎಡಗಡೆಯ ಮುಂದಿನ ಗಾಲಿ

ಆ ದಾರಿಯಲ್ಲಿ ಓಡಾಡುವವರಿಗೆಲ್ಲ ಅವನು ದೊಡ್ಡ ಡ್ರೈವರ್, ಅವನ ತಮ್ಮ ಚಿಕ್ಕ ಡ್ರೈವರ್. ಇಬ್ಬರಿಗೂ ಸೇರಿ ಇದ್ದದ್ದು ಒಂದೇ ಮಿನಿ ಬಸ್ಸು. ಪೇಟೆಯ ನಿಲ್ದಾಣದಿಂದ ಹೊರಟು ಗುಡ್ಡದ ಮೇಲಿನ ನೂಲಿನ ಗಿರಣಿಯವರೆಗೆ ಏದುಸಿರು ಬಿಡುತ್ತ ಹತ್ತುವುದು, ಗಿರಣಿಯ ಜನರನ್ನು ತುಂಬಿಕೊಂಡು ಇಳಿಯುವುದು, ಇದೇ ಅದರ ಜನ್ಮದ ಕೆಲಸ. ಬೆಳಗಿನ ಪಾಳಿ ದೊಡ್ಡವನದು, ಮಧ್ಯಾಹ್ನದ ಊಟದ ನಂತರದ್ದು ಚಿಕ್ಕವನದು.

ದೊಡ್ಡ ಡ್ರೈವರ್ ಮಾತಿನ ಮಲ್ಲ. ಗಿರಣಿಯ ಯಾವ ಹೆಂಗಸಿಗೆ ಸೊಂಟನೋವು, ಯಾರ ಮಗ ಗಣಿತದಲ್ಲಿ ಗೋತಾ ಹೊಡೆದ, ಯಾರ ಅತ್ತೆ ಯಾರ ಮನೆಗೆ ಬಂದು ಠಿಕಾಣಿ ಹೂಡಿದ್ದಾಳೆ, ಎಲ್ಲವೂ ಅವನಿಗೆ ಗೊತ್ತು. ಕಲ್ಲನ್ನಾದರೂ ಮಾತಾಡಿಸಿಯಾನು ಎಂದು ಜನ ನಗುತ್ತಿದ್ದರು. ಅಂಥವನು ಒಂದೇ ಸೂರಿನಡಿ ಇದ್ದ ಒಡಹುಟ್ಟಿದ ತಮ್ಮನ ಜೊತೆ ತಿಂಗಳುಗಟ್ಟಲೆ ಒಂದು ಮಾತೂ ಆಡದೆ ಇದ್ದ ಎಂದರೆ ನಂಬುವುದು ಕಷ್ಟ. ಆದರೆ ನಡೆದದ್ದು ಅದೇ.

ಅಪ್ಪ ಅಮ್ಮ ಇಬ್ಬರೂ ಬೇಗ ಹೋದಾಗ ತಮ್ಮನಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅಣ್ಣನೇನು ಮಹಾ ದೊಡ್ಡವನಲ್ಲ, ಮೀಸೆ ಆಗತಾನೇ ಕಪ್ಪಾಗುತ್ತಿತ್ತು. ಲಾರಿಯೊಂದರಲ್ಲಿ ಕ್ಲೀನರ್ ಆಗಿದ್ದ. ತಮ್ಮನನ್ನು ಬಿಡಲು ಬೇರೆ ಮನೆಯಿರಲಿಲ್ಲವಾದ್ದರಿಂದ ಲಾರಿಯಲ್ಲೇ ಇಟ್ಟುಕೊಂಡ. ಡ್ರೈವರ್ ಸೀಟಿನ ಹಿಂದಿನ ಹಲಗೆಯ ಮೇಲೆ ಆ ಮಗು ಮಲಗುತ್ತಿತ್ತು, ಬ್ರೇಕ್ ಹಾಕಿದಾಗ ಉರುಳಬಾರದೆಂದು ಅಣ್ಣ ತನ್ನ ಒಂದು ಕೈಯನ್ನು ಅಡ್ಡ ಇಟ್ಟುಕೊಂಡು ಕೂರುತ್ತಿದ್ದ. ಮುಂದೆ ತಾನು ಡ್ರೈವರ್ ಆದ, ತಮ್ಮನಿಗೂ ಕಲಿಸಿದ. ಸ್ಟೀರಿಂಗ್ ಹಿಡಿಯುವುದಕ್ಕಿಂತ ಮೊದಲು ಗಾಡಿಯನ್ನು ಸುತ್ತುವುದನ್ನು ಕಲಿಸಿದ.

"ಗಾಲಿ ಯಾವತ್ತೂ ಹೇಳದೆ ಕೇಳದೆ ಓಡಿಹೋಗಲ್ಲ ಕಣೋ," ಎನ್ನುತ್ತಿದ್ದ. "ನಟ್ಟು ಸಡಿಲ ಆದ ತಕ್ಷಣ ಸುಳಿವು ಕೊಡುತ್ತೆ. ನಿಧಾನ ಹೋಗುವಾಗ ಟಕ್ ಟಕ್ ಅನ್ನುತ್ತೆ, ಜೋರಾಗಿ ಹೋದ್ರೆ ಆ ಸದ್ದು ಇಂಜಿನ್ ಸದ್ದಲ್ಲಿ ಮುಚ್ಚಿಹೋಗುತ್ತೆ. ಮುಂದಿನ ಗಾಲಿ ಆದ್ರೆ ಸ್ಟೀರಿಂಗ್ ನಡುಗುತ್ತೆ, ಹಿಂದಿಂದಾದ್ರೆ ಸೀಟು. ನಟ್ಟಿನ ಬುಡದಿಂದ ಕೆಂಪಗೆ ತುಕ್ಕಿನ ಗೆರೆ ಇಳಿದಿದ್ರೆ, ಅಲ್ಲಿ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಾ ಇದೆ ಅಂತ ಅರ್ಥ. ಇಷ್ಟೆಲ್ಲ ಹೇಳಿದ್ರೂ ನಾವು ಕೇಳಿಸಿಕೊಳ್ಳದೆ ಇದ್ರೆ ಆಮೇಲೆ ಅದು ತನ್ನ ದಾರಿ ನೋಡಿಕೊಳ್ಳುತ್ತೆ."

ಇದನ್ನು ಕೇಳಿಯೇ ಬೆಳೆದ ಚಿಕ್ಕವನು ಒಳ್ಳೆಯ ಡ್ರೈವರೇ ಆದ. ಆದರೆ ಅವನಿಗೊಂದು ಚಟ, ಅಲಂಕಾರ. ಕನ್ನಡಿಗೆ ಗೊಂಡೆ ಕಟ್ಟುವನು, ಬಾನೆಟ್ಟಿಗೆ ಪಾಲಿಶ್ ತಿಕ್ಕುವನು. ಒಮ್ಮೆ ಗಿರಣಿಗೆ ರಜೆ ಬಿದ್ದ ದಿನ ಬಸ್ಸಿನ ಗಾಲಿಗಳನ್ನೆಲ್ಲ ಬಿಚ್ಚಿ ರಿಮ್ಮುಗಳಿಗೆ ಹಳದಿ ಪೇಂಟ್ ಬಳಿದ. ಹೊರಗೆ ಬಳಿದಿದ್ದರೆ ಚಿಂತೆಯಿರಲಿಲ್ಲ. ಒಳಮೈಗೂ ಬಳಿದ, ರಿಮ್ಮು ಕೂರುವ ಬ್ರೇಕ್ ಡ್ರಮ್ಮಿನ ಮುಖಕ್ಕೂ ಬಳಿದ, ನಟ್ಟು ಕೂರುವ ಗುಳಿಗಳಿಗೂ ಬಳಿದ. ಕೊನೆಗೆ ಉಳಿದದ್ದು ಎಡಗಡೆಯ ಮುಂದಿನ ಗಾಲಿ. ಡಬ್ಬಿಯ ತಳದಲ್ಲಿದ್ದ ಮಂದವಾದ ಪೇಂಟನ್ನೆಲ್ಲ ಅದಕ್ಕೇ ಸುರಿದು, ಅದು ಒಣಗುವ ಮೊದಲೇ ಜೋಡಿಸಿಬಿಟ್ಟ. ಅಣ್ಣನಿಗೆ ಖುಷಿಯಾಗುತ್ತದೆ ಎಂದುಕೊಂಡಿದ್ದ ಪಾಪ.

ಅಣ್ಣ ನೋಡಿದ್ದು ಮರುದಿನ, ನಿಲ್ದಾಣದಲ್ಲಿ, ಜನ ತುಂಬಿದ್ದಾಗ. ಅವತ್ತು ಅವನ ತಲೆ ಮೊದಲೇ ಕಾದಿತ್ತು. "ಗಾಲಿಗೆ ಪೌಡರ್ ಹಚ್ಚೋ ಬುದ್ಧಿ ಇದೆ, ತಲೆಯೊಳಗೆ ಮಾತ್ರ ಏನೂ ಇಲ್ಲ," ಎಂದ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. "ನಾನು ಅವತ್ತು ಎತ್ತಿಕೊಂಡು ಬರದೆ ಇದ್ದಿದ್ರೆ ಎಲ್ಲಿ ಬಿದ್ದಿರ್ತಿದ್ದೆ ನೀನು?" ಎಂದೂ ಅಂದುಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಚಿಕ್ಕವನು ಬಸ್ಸಿನ ಕೀಲಿಯನ್ನು ಬಾನೆಟ್ಟಿನ ಮೇಲಿಟ್ಟು ಮನೆಗೆ ನಡೆದುಕೊಂಡೇ ಹೋದ.

ಅಂದಿನಿಂದ ಮಾತು ಬಂದ್. ಊಟಕ್ಕೆ ಒಟ್ಟಿಗೆ ಕೂರುವರು, ಒಬ್ಬರ ತಟ್ಟೆ ಇನ್ನೊಬ್ಬರು ನೋಡರು. ಇಬ್ಬರ ಜಗಳದಲ್ಲಿ ಮೂರನೆಯವರಿಗೆ ಲಾಭ ಎನ್ನುತ್ತಾರೆ. ಈ ಮನೆಯಲ್ಲಿ ಮೂರನೆಯವಳಾದ ದೊಡ್ಡವನ ಹೆಂಡತಿಗೆ ಸಿಕ್ಕಿದ್ದು ಅಂಚೆಯವಳ ಕೆಲಸ. "ಡೀಸೆಲ್ ಹಾಕ್ಸಬೇಕು ಅಂತ ಹೇಳು." "ಹಾಕ್ಸಿದೀನಿ ಅಂತ ಹೇಳಿ ಅತ್ತಿಗೆ." ಮೂವರೂ ಒಂದೇ ಅಡುಗೆಮನೆಯಲ್ಲಿ ಕೂತಿರುವಾಗ ನಡೆಯುವ ಮಾತುಕತೆ ಇದು. "ನನಗೆ ಒಂದು ಗಂಟೆ ತಂದುಕೊಡಿ, ಬಾರಿಸಿಕೊಂಡು ಓಡಾಡ್ತೀನಿ," ಎಂದು ಆಕೆ ಗೊಣಗುತ್ತಿದ್ದಳು.

ಈಗ ದೊಡ್ಡ ಡ್ರೈವರ್ ಮಾಡಿದ ಕೆಲಸ ಕೇಳಿ. ಜಗಳವಾದ ಮರುದಿನ ಬೆಳಿಗ್ಗೆ ಬಸ್ಸನ್ನು ಸುತ್ತುವಾಗ ಗಾಲಿಗಳ ನಟ್ಟುಗಳಿಗೆ ಸ್ಪ್ಯಾನರ್ ಹಾಕಿ ನೋಡಿದ. ಎಲ್ಲವೂ ಒಂದಿಷ್ಟು ತಿರುಗಿದವು. ಅವನಿಗೆ ಕಾರಣ ಥಟ್ಟನೆ ಹೊಳೆಯಿತು. ರಿಮ್ಮಿಗೂ ಡ್ರಮ್ಮಿಗೂ ನಡುವೆ ಸಿಕ್ಕಿಕೊಂಡ ಪೇಂಟು ಓಡಾಟದಲ್ಲಿ ಅರೆದು ಪುಡಿಯಾಗುತ್ತದೆ. ಪುಡಿ ಹೋದ ಜಾಗ ಖಾಲಿ, ಖಾಲಿಯಾದಷ್ಟು ನಟ್ಟಿನ ಹಿಡಿತ ಕಡಿಮೆ. ಹಾಗೆ ನೋಡಿದರೆ ಯಾವ ಗಾಲಿಯನ್ನೇ ಬಿಚ್ಚಿ ಹಾಕಿದರೂ ಸ್ವಲ್ಪ ದೂರ ಓಡಿದ ಮೇಲೆ ನಿಲ್ಲಿಸಿ ಇನ್ನೊಮ್ಮೆ ಬಿಗಿ ಮಾಡಲೇಬೇಕು, ಅದು ಕೂತುಕೊಳ್ಳಲು ಅಷ್ಟು ಸಮಯ ಬೇಕು. ಆದರೆ ಇಲ್ಲಿ ಒಂದು ಬಾರಿ ಬಿಗಿದರೆ ಮುಗಿಯುವ ಮಾತಲ್ಲ. ಗಾಲಿ ಬಿಚ್ಚಿ, ಕೂರುವ ಜಾಗದ ಪೇಂಟನ್ನೆಲ್ಲ ಕೆರೆದು, ಬರಿ ಕಬ್ಬಿಣಕ್ಕೆ ಬರಿ ಕಬ್ಬಿಣ ಕೂರಿಸಬೇಕು.

ಅಷ್ಟು ಗೊತ್ತಿದ್ದವನು ಯಾಕೆ ಮಾಡಲಿಲ್ಲ? ಕೆರೆದರೆ ತಮ್ಮನ ಕಣ್ಣಿಗೆ ಬೀಳುತ್ತದೆ. ಜನರೆದುರು ಅವಮಾನ ಮಾಡಿದ್ದು ಸಾಲದೆಂದು ಅವನು ಆಸೆಪಟ್ಟು ಬಳಿದದ್ದನ್ನೂ ಕೆರೆದು ಹಾಕಿದೆ ಎಂದಾಗುತ್ತದೆ. ಬಾಯಿಬಿಟ್ಟು ಹೇಳೋಣವೆಂದರೆ ಮೊದಲು ಮಾತಾಡಿದವನು ಸೋತಂತೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆದ್ದರಿಂದ ದಿನಾ ಬೆಳಿಗ್ಗೆ ತಮ್ಮ ಏಳುವ ಮೊದಲೇ ಹೋಗಿ ನಟ್ಟುಗಳನ್ನು ಬಿಗಿದುಬಿಡುತ್ತಿದ್ದ. ಉಳಿದ ಗಾಲಿಗಳು ಕೆಲವು ದಿನಗಳಲ್ಲಿ ಕೂತುಕೊಂಡವು, ಎಡಗಡೆಯ ಮುಂದಿನದು ಮಾತ್ರ ಹಟ ಹಿಡಿದ ಮಗುವಿನಂತೆ ದಿನವೂ ಸಡಿಲವಾಗುತ್ತಿತ್ತು. ದೊಡ್ಡವನಿಗೂ ಹಟ ಬಂತು. ಸ್ಪ್ಯಾನರಿನ ಹಿಡಿಗೆ ಉದ್ದನೆಯ ಪೈಪು ತೂರಿಸಿ ಜಗ್ಗತೊಡಗಿದ.

ಆ ಕೆಲಸದಲ್ಲಿ ಅವನಿಗೆ ಗುಟ್ಟಾದ ಒಂದು ಸುಖವಿತ್ತು, ಅದನ್ನು ಹೇಳಲೇಬೇಕು. ಪ್ರತಿ ನಟ್ಟನ್ನು ಬಿಗಿದಾಗಲೂ, ಹೋಗು ಮಾರಾಯ, ಕ್ಷೇಮವಾಗಿ ಹೋಗಿ ಬಾ ಎಂದು ತಮ್ಮನಿಗೆ ಹೇಳಿದ ಹಾಗೆ ಆಗುತ್ತಿತ್ತು. ತಮ್ಮನಿಗೆ ಅದು ಕೇಳಿಸುತ್ತಿರಲಿಲ್ಲ ಎಂಬುದು ಬೇರೆ ವಿಷಯ.

ಹೀಗೆ ಜಗ್ಗಿ ಜಗ್ಗಿಯೋ ಏನೋ, ಕಿಬ್ಬೊಟ್ಟೆಯಲ್ಲಿ ಹರ್ನಿಯಾ ಕಾಣಿಸಿಕೊಂಡಿತು. ಡಾಕ್ಟರು ಆಪರೇಷನ್ ಎಂದರು. ಆಸ್ಪತ್ರೆಗೆ ಸೇರುವ ದಿನ ಬೆಳಿಗ್ಗೆಯೂ ಭೂಪ ಬಸ್ಸಿನ ಹತ್ತಿರ ಹೋದ. ತಾನಿಲ್ಲದ ದಿನಗಳಿಗೂ ಸೇರಿಸಿ ಬಿಗಿದಿಡುವ ಯೋಚನೆ. ಕೈಗೆ ಬಲ ಸಾಲದೆ ಪೈಪಿನ ಮೇಲೆ ಕಾಲಿಟ್ಟು ತುಳಿದ. ನಟ್ಟು ಬಿಗಿಯಾಗಿ ನಿಂತಿತು. ಮತ್ತೆ ತುಳಿದಾಗ ಮೇಣದಲ್ಲಿ ತಿರುಗಿದ ಹಾಗೆ ಮೆತ್ತಗೆ ಇನ್ನಷ್ಟು ತಿರುಗಿತು. ಇನ್ನೂ ಬಿಗಿಯಾಯಿತು ಎಂದುಕೊಂಡು ಸಮಾಧಾನದಿಂದ ಪೈಪನ್ನು ಸೀಟಿನಡಿ ಸರಿಸಿದ.

"ಅವನಿಗೆ ಏನಾದರೂ ಹೇಳಬೇಕಾ?" ಎಂದು ಹೊರಡುವಾಗ ಹೆಂಡತಿ ಕೇಳಿದಳು.

ನಾಲಿಗೆಯ ತುದಿಗೆ ಬಂತು. "ಏನಿಲ್ಲ," ಎಂದ.

ಆಪರೇಷನ್ ಚೆನ್ನಾಗಿಯೇ ಆಯಿತು. ಹೊಲಿಗೆ ಎಳೆಯುತ್ತದೆ, ಕೆಮ್ಮಬೇಡಿ, ನಗಬೇಡಿ, ಏಳುವಾಗ ಪಕ್ಕಕ್ಕೆ ಹೊರಳಿ ಏಳಿ ಎಂದು ನರ್ಸಮ್ಮ ಕಟ್ಟಪ್ಪಣೆ ಮಾಡಿದ್ದಳು. ಕಿಟಕಿಯ ಪಕ್ಕದ ಮಂಚ. ಎರಡೂ ಪಾಳಿಯನ್ನು ಈಗ ಚಿಕ್ಕವನೇ ಓಡಿಸುತ್ತಿದ್ದ, ಗಾಡಿಯನ್ನು ಸುತ್ತಿ ನೋಡಲೂ ಅವನಿಗೆ ಪುರುಸೊತ್ತಿರಲಿಲ್ಲ. ಆಸ್ಪತ್ರೆಯ ಮುಂದಿನ ರಸ್ತೆಯಲ್ಲಿ ತಮ್ಮದೇ ಬಸ್ಸಿನ ಹಾರ್ನ್ ಕೇಳಿದರೆ ದೊಡ್ಡವನ ಕಿವಿ ನೆಟ್ಟಗಾಗುತ್ತಿತ್ತು. ತಮ್ಮ ಮಾತ್ರ ಒಳಗೆ ಬಂದಿರಲಿಲ್ಲ. ಬರಲಿ ಎಂದು ಇವನು ಹೇಳಿ ಕಳಿಸಿಯೂ ಇರಲಿಲ್ಲ.

ಒಂದು ಮಧ್ಯಾಹ್ನ ಹೆಂಡತಿ ಗಂಜಿ ತಂದಳು. ಚಮಚದಿಂದ ಕುಡಿಸುತ್ತ ಊರ ಸುದ್ದಿಯೆಲ್ಲ ಹೇಳಿದಳು, ಕೊನೆಗೆ ಮೈದುನನ ಸುದ್ದಿಗೆ ಬಂದಳು.

"ಪಾಪ, ಬಸ್ಸು ಅವನಿಗೆ ಕಾಟ ಕೊಡ್ತಾ ಇದೆ ಕಣ್ರೀ. ಸ್ಟೀರಿಂಗ್ ಗಡಗಡ ಅನ್ನುತ್ತಂತೆ. ರಸ್ತೆ ಹಾಳಾಗಿದೆ ಅಂತಾನೆ. ಟೈರಿಗೆ ಗಾಳಿ ತುಂಬಿಸಿದ, ಸರಿಹೋಗ್ಲಿಲ್ಲ."

ದೊಡ್ಡವನು ಗಂಜಿ ನುಂಗುವುದನ್ನು ನಿಲ್ಲಿಸಿದ. "ಸದ್ದೇನಾದ್ರೂ ಬರುತ್ತಂತಾ?"

"ತಿರುವಲ್ಲಿ ನಿಧಾನ ಮಾಡಿದಾಗ ಟಕ್ ಟಕ್ ಅನ್ನುತ್ತಂತೆ. ಜಾಕಿ ಕುಣಿಯೋದು ಅಂದುಕೊಂಡು, ನನ್ನ ಹಳೇ ಸೀರೆ ಇಸ್ಕೊಂಡು ಅದಕ್ಕೆ ಸುತ್ತಿಟ್ಟಿದ್ದಾನೆ. ಮಗು ಮಲಗಿಸಿದ ಹಾಗೆ!" ಆಕೆ ನಕ್ಕಳು. "ಅಷ್ಟು ಚೆಂದ ಹಳದಿ ಬಳಿದಿದ್ನಲ್ಲ, ಬೆಳಿಗ್ಗೆ ನೋಡಿದೆ, ಮುಂದಿನ ಗಾಲಿಯ ನಟ್ಟುಗಳಿಂದ ಕೆಂಪಗೆ ನೀರು ಇಳಿದ ಹಾಗೆ ಗೆರೆ ಬಂದಿದೆ."

"ಯಾವ ಕಡೆ?"

"ಬಾಗಿಲ ಕಡೆ. ಎಡಗಡೆ."

ದೊಡ್ಡವನು ಪಕ್ಕಕ್ಕೆ ಹೊರಳದೆ ನೆಟ್ಟಗೆ ಎದ್ದು ಕೂತ. ಹೊಲಿಗೆ ಚುರ್ರೆಂದಿತು, ಬೆವರು ಕಿತ್ತುಕೊಂಡು ಬಂತು. ಗೋಡೆಯ ಗಡಿಯಾರ ನೋಡಿದ. ಗಿರಣಿಯ ಪಾಳಿ ಆಗಷ್ಟೇ ಬಿಟ್ಟಿರಬೇಕು, ಬಸ್ಸು ಜನ ತುಂಬಿಕೊಂಡು ಗುಡ್ಡ ಇಳಿಯುವ ಹೊತ್ತು. ಇಳಿಜಾರಿನ ಕೊನೆಗೆ ಹಳ್ಳದ ಸೇತುವೆ, ಅದಕ್ಕೆ ಮೊಣಕಾಲೆತ್ತರದ ಕಟ್ಟೆಯಷ್ಟೇ ಆಸರೆ. ಎಡಗಡೆಯ ಮುಂದಿನ ಗಾಲಿ ಹೋದರೆ ಬಸ್ಸು ಎಡಕ್ಕೇ ಬೀಳುವುದು.

"ಫೋನ್ ಮಾಡು ಅವನಿಗೆ. ಈಗಲೇ."

ಆಕೆ ಮಾಡಿದಳು. ಗಂಟೆ ಬಾರಿಸಿ ಬಾರಿಸಿ ನಿಂತಿತು. ಮತ್ತೆ ಮಾಡಿದಳು, ಮತ್ತೆ ಅದೇ ಕಥೆ. ಎತ್ತುವುದಿಲ್ಲ ಎಂದು ದೊಡ್ಡವನಿಗೆ ಗೊತ್ತಿತ್ತು. ಗಾಡಿ ಓಡಿಸುವಾಗ ಸಾಕ್ಷಾತ್ ನಾನೇ ಫೋನ್ ಮಾಡಿದರೂ ಎತ್ತಬಾರದು ಎಂದು ಕಲಿಸಿದವನು ಅವನೇ. ಗಾಲಿಯ ಪಾಠ ಮರೆತರೂ ಈ ಪಾಠವನ್ನು ತಮ್ಮ ಮರೆಯುವವನಲ್ಲ.

"ಟೀ ಅಂಗಡಿಯಾಕೆಗೆ ಮಾಡು," ಎಂದ. ಸೇತುವೆಗಿಂತ ಸ್ವಲ್ಪ ಮೇಲೆ, ಕೊನೆಯ ತಿರುವಿನಲ್ಲಿ ಒಬ್ಬಾಕೆಯ ಟೀ ಅಂಗಡಿಯಿತ್ತು. ಆಕೆ ಒಂದೇ ಗಂಟೆಗೆ ಫೋನ್ ಎತ್ತಿದಳು. ದೊಡ್ಡವನು ಹೆಂಡತಿಯ ಕೈಯಿಂದ ಅದನ್ನು ಕಸಿದುಕೊಂಡ.

"ನಮ್ಮ ಬಸ್ಸು ಇಳಿದು ಹೋಯ್ತಾ?"

"ಇಲ್ಲಣ್ಣ, ಇನ್ನೂ ಬಂದಿಲ್ಲ. ನಿಮ್ಮ ಆಪರೇಷನ್ ಹೇಗಾಯ್ತು? ಹೊಟ್ಟೆಯಲ್ಲಿ..."

"ಅದು ಹಾಳಾಗ್ಲಿ ಬಿಡು ತಾಯಿ! ಬಸ್ಸು ನಿಲ್ಲಿಸು. ಹೇಗಾದ್ರೂ ಮಾಡಿ ನಿಲ್ಲಿಸು. ಗಾಲಿ ಸಡಿಲ ಆಗಿದೆ."

ಆಕೆ ಮತ್ತೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಫೋನಿನಲ್ಲಿ ಚಪ್ಪಲಿಯ ಸದ್ದು, ಗಿರಾಕಿಗಳನ್ನು ಎಬ್ಬಿಸುವ ಸದ್ದು, "ಏಳ್ರೋ, ಬೆಂಚು ಹಿಡೀರೋ, ದೂರದಿಂದಲೇ ಕಾಣೋ ಹಾಗೆ ರಸ್ತೆಗೆ ಅಡ್ಡ ಇಡ್ರೋ" ಎಂಬ ಕೂಗು ಕೇಳಿಸಿತು. ಆಮೇಲೆ ಗಾಳಿ. ದೊಡ್ಡವನು ಕಣ್ಣು ಮುಚ್ಚಿಕೊಂಡ. ಒಂದೊಂದು ತಿರುವಿನಲ್ಲೂ ಬಸ್ಸು ಎಲ್ಲಿ ಬ್ರೇಕ್ ಹಿಡಿಯುತ್ತದೆ, ಎಲ್ಲಿ ಗೇರ್ ಇಳಿಸುತ್ತದೆ ಎಂಬುದು ಅವನಿಗೆ ಬಾಯಿಪಾಠ. ಅವನ ಕೈ ತಾನಾಗಿ ಮಂಚದ ಪಕ್ಕಕ್ಕೆ ಅಡ್ಡಲಾಗಿ ಚಾಚಿಕೊಂಡಿತ್ತು. ಹೆಂಡತಿ ಆ ಕೈಯನ್ನು ಹಿಡಿದುಕೊಂಡಳು.

ಇಂಜಿನ್ ಸದ್ದು ಹತ್ತಿರವಾಯಿತು. ಬ್ರೇಕ್ ಕಿರುಗುಟ್ಟಿತು. "ಏನಿದು, ರಸ್ತೆ ಮಧ್ಯೆ ಅಂಗಡಿ ಇಟ್ಟಿದ್ದೀರಾ?" ಎಂದು ತಮ್ಮನ ದನಿ ಕೇಳಿತು. ದೊಡ್ಡವನ ಎದೆಯಲ್ಲಿ ಸಿಕ್ಕಿಕೊಂಡಿದ್ದ ಉಸಿರು ಒಮ್ಮೆಲೇ ಹೊರಗೆ ಬಂತು. ಇಷ್ಟು ದಿನ ಗೋಡೆಯಾಚೆಯಿಂದ ಕೇಳುತ್ತಿದ್ದ ಅದೇ ದನಿ, ಇವತ್ತು ಅದಕ್ಕಿಂತ ಇಂಪಾದದ್ದು ಲೋಕದಲ್ಲಿ ಬೇರೆ ಇಲ್ಲ ಅನ್ನಿಸಿತು. ಟೀ ಅಂಗಡಿಯಾಕೆ ಫೋನನ್ನು ತಮ್ಮನ ಕಿವಿಗೆ ಒತ್ತಿರಬೇಕು.

"ಇಳಿದು ಎಡಗಡೆಯ ಮುಂದಿನ ಗಾಲಿ ಮುಟ್ಟಿ ನೋಡು," ಎಂದ ದೊಡ್ಡವನು. ತಿಂಗಳುಗಳ ನಂತರದ ಮೊದಲ ಮಾತು.

ಬಾಗಿಲು ತೆರೆದ ಸದ್ದು, ಹೆಜ್ಜೆ ಸದ್ದು. ಆಮೇಲೆ ಕಬ್ಬಿಣ ಕದಲಿದ ಸದ್ದು.

"ಅಣ್ಣಾ."

"ಹೇಳು."

"ನಟ್ಟುಗಳು ಬರಿ ಕೈಯಲ್ಲೇ ತಿರುಗ್ತಾ ಇವೆ. ಒಂದು ಬೋಲ್ಟು ತುಂಡಾಗಿ ನಟ್ಟಿನ ಸಮೇತ ಹೋಗಿದೆ. ಅಣ್ಣಾ, ಬಸ್ಸು ತುಂಬ ಜನ ಇದ್ದಾರೆ."

"ಎಲ್ಲರನ್ನೂ ಇಳಿಸು. ಬಿಗಿ ಮಾಡಿಕೊಂಡು ಮೆಲ್ಲಗೆ ಹೋಗೋಣ ಅಂತ ಮಾತ್ರ ಯೋಚನೆ ಮಾಡಬೇಡ. ಒಂದು ಬೋಲ್ಟು ಹೋಗಿದೆ ಅಂದ್ರೆ ಉಳಿದವೂ ಸೋತಿರುತ್ತವೆ. ಹಿಂದಿನ ಗಾಲಿಗೆ ಕಲ್ಲು ಕೊಡು. ಮೇಸ್ತ್ರಿನ ಅಲ್ಲಿಗೇ ಕರೆಸು."

ಚಿಕ್ಕವನು ಹೇಳಿದಂತೆ ಮಾಡಿದ. ಜನ ಇಳಿದು, ಹಿಂದೆ ಬಂದ ಇನ್ನೊಂದು ಗಾಡಿ ಹತ್ತಿ ಹೋದರು. ಫೋನ್ ಇಡು ಎಂದು ಯಾರೂ ಯಾರಿಗೂ ಹೇಳಲಿಲ್ಲ. ಗಲಾಟೆ ಅಡಗಿದ ಮೇಲೆ ಚಿಕ್ಕವನ ದನಿ ಮತ್ತೆ ಬಂತು, ಈ ಸಲ ಸಣ್ಣಗೆ.

"ಆಸ್ಪತ್ರೆಯಲ್ಲಿ ಮಲಗಿಕೊಂಡು ನಿನಗೆ ಹೇಗೆ ಗೊತ್ತಾಯ್ತು?"

ಇಲ್ಲಿ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ನಾವು ಜಗಳ ಆಡಿದ ಮರುದಿನದಿಂದಲೇ ಗೊತ್ತು. ಒಳಗೆ ಪೇಂಟ್ ಇದ್ರೆ ಅದು ಅರೆದು ಸಡಿಲ ಆಗುತ್ತೆ. ದಿನಾ ಬೆಳಿಗ್ಗೆ ನಾನೇ ಬಿಗಿ ಮಾಡ್ತಿದ್ದೆ."

"ದಿನಾ?"

"ಹೂಂ."

"ನನಗೆ ಒಂದು ಮಾತು ಹೇಳಬಹುದಿತ್ತಲ್ಲ ಅಣ್ಣಾ!"

"ನೀನು ಮಾತು ಬಿಟ್ಟಿದ್ದೆಯಲ್ಲ."

"ನೀನೂ ಬಿಟ್ಟಿದ್ದೆ."

"ಹೌದು," ಎಂದ ದೊಡ್ಡವನು. "ಅವತ್ತು ನಿಲ್ದಾಣದಲ್ಲಿ ನಾನು ಹಾಗೆ ಅನ್ನಬಾರದಿತ್ತು ಕಣೋ. ನಿನ್ನನ್ನ ಎತ್ತಿಕೊಂಡು ಬಂದಿದ್ದು ಎಣಿಸಿ ತೋರಿಸೋಕಲ್ಲ. ನೀನಿಲ್ಲದೆ ಇದ್ದಿದ್ರೆ ನಾನು ಬದುಕ್ತಾನೇ ಇರಲಿಲ್ಲ."

ಆ ಕಡೆಯಿಂದ ಮೂಗು ಎಳೆದ ಸದ್ದು ಬಂತು. ಈ ಕಡೆ ಹೆಂಡತಿ ಗಂಜಿಯ ಪಾತ್ರೆಗೆ ಮುಚ್ಚಳ ಮುಚ್ಚುವ ನೆಪದಲ್ಲಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಮೇಸ್ತ್ರಿ ಬಂದ. ಪೇಟೆಯ ಗ್ಯಾರೇಜಿನವನು, ಬಾಯಿ ಜೋರು, ಕೈ ಅದಕ್ಕಿಂತ ಜೋರು. ಚಿಕ್ಕವನು ಫೋನನ್ನು ಎಲ್ಲೋ ಹತ್ತಿರದಲ್ಲೇ ಇಟ್ಟಿರಬೇಕು, ಮೇಸ್ತ್ರಿಯ ಮಾತೆಲ್ಲ ಆಸ್ಪತ್ರೆಗೆ ಸ್ವಚ್ಛವಾಗಿ ಕೇಳುತ್ತಿತ್ತು. ಜಾಕಿ ಏರಿದ ಸದ್ದು, ಗಾಲಿ ನೆಲಕ್ಕೆ ಇಳಿದ ಸದ್ದು.

"ಒಳಗೆಲ್ಲ ಪೇಂಟಾ! ಇದು ಬಸ್ಸೋ, ಮಕ್ಕಳ ತೊಟ್ಟಿಲೋ?" ಎಂದ ಮೇಸ್ತ್ರಿ. "ಈ ರಿಮ್ಮು ಇನ್ನು ಬೇಡ ಮಾರಾಯ, ನೋಡು, ಬೋಲ್ಟಿನ ತೂತು ಉಜ್ಜಿ ಉಜ್ಜಿ ಮೊಟ್ಟೆ ಆಕಾರ ಆಗಿದೆ. ಸ್ಟೆಪ್ನಿ ಹಾಕು, ಅದಕ್ಕೆ ಪೇಂಟಿಲ್ಲ ತಾನೇ? ಬಚಾವ್. ಅಷ್ಟೂ ಬೋಲ್ಟುಗಳನ್ನು ಬದಲಾಯಿಸೋಣ." ಬೋಲ್ಟೊಂದನ್ನು ಬಡಿದು ಕಳಚಿದವನು ಮತ್ತೆ ಕೂಗಿದ. "ಏಯ್, ಇದೇನಿದು? ಬೋಲ್ಟಿನ ಥ್ರೆಡ್ಡೆಲ್ಲ ಎಳೆದುಹೋಗಿದೆ! ಬರಿ ಪೇಂಟಿಂದ ಹೀಗಾಗಲ್ಲ. ಮಿತಿ ಮೀರಿ ಬಿಗಿದು ಬಿಗಿದು ಬೋಲ್ಟು ಹಿಗ್ಗಿದೆ. ಹಿಗ್ಗಿದ ಬೋಲ್ಟು ಎಲ್ಲಿ ಹಿಡಿತ ಕೊಡುತ್ತೆ? ತುಂಡಾಗುತ್ತೆ ಅಷ್ಟೇ. ಅತಿಯಾದ್ರೆ ಅಮೃತವೂ ವಿಷ. ಯಾರಯ್ಯಾ ಅದು, ಸ್ಪ್ಯಾನರಿಗೆ ಪೈಪ್ ಹಾಕಿ ಜಗ್ಗಿದ ಪೈಲ್ವಾನ?"

ಮಂಚದ ಮೇಲೆ ದೊಡ್ಡವನು ಕಲ್ಲಾದ. ಮೇಣದ ಹಾಗೆ ಮೆತ್ತಗೆ ತಿರುಗಿದ ಆ ನಟ್ಟು ಈಗ ಅವನ ಕಾಲಿಗೇ ನೆನಪಾಯಿತು. ಪೇಂಟು ತಮ್ಮನದು, ನಿಜ. ಆದರೆ ಬೋಲ್ಟನ್ನು ಕೊಂದದ್ದು ತನ್ನ ಕಾಲು. ಕಾಪಾಡುತ್ತಿದ್ದೇನೆ ಎಂದುಕೊಂಡು ದಿನವೂ ತಮ್ಮನನ್ನು ಸೇತುವೆಯ ಹತ್ತಿರಕ್ಕೆ ನೂಕುತ್ತಿದ್ದೆನಲ್ಲ ಎಂದುಕೊಂಡ. ಸೀಟಿನಡಿಯ ಪೈಪನ್ನು ತಮ್ಮ ನೋಡಿರಲೇಬೇಕು, ಅದು ಯಾರದೆಂದು ಅವನಿಗೀಗ ಅರ್ಥವಾಗಿರಲೇಬೇಕು. ನಾನೇ ಎಂದು ಫೋನಿನಲ್ಲಿ ಕೂಗಲು ಬಾಯಿ ತೆರೆದ.

ಅಷ್ಟರಲ್ಲಿ ಚಿಕ್ಕವನು ಹೇಳಿದ್ದು ಕೇಳಿಸಿತು.

"ನಾನೇ ಮೇಸ್ತ್ರಿ. ಗೊತ್ತಾಗ್ಲಿಲ್ಲ."

"ನಿಮ್ಮಣ್ಣ ಇಷ್ಟು ವರ್ಷ ಕಲಿಸಿದ್ದು ಇದೇನಾ?"

"ಅಣ್ಣ ಸರಿಯಾಗೇ ಕಲಿಸಿದ್ದ. ತಪ್ಪು ನನ್ನದು. ಉಳಿದ ಗಾಲಿಗಳನ್ನೂ ಬಿಚ್ಚಿ ನೋಡಿಬಿಡು, ಪೇಂಟ್ ನಾನು ಕೆರೀತೀನಿ."

ಮೇಸ್ತ್ರಿ ಗೊಣಗುತ್ತ ದೂರ ಹೋದ. ಡ್ರಮ್ಮಿನ ಮೇಲೆ ಉಪ್ಪುಕಾಗದ ಉಜ್ಜುವ ಸದ್ದು ಶುರುವಾಯಿತು, ಸರಸರ, ಸರಸರ.

"ಸುಳ್ಳು ಯಾಕೆ ಹೇಳಿದೆಯೋ?" ಎಂದ ದೊಡ್ಡವನು.

"ಮಲಗಿರೋ ಮನುಷ್ಯನ್ನ ಯಾರಾದ್ರೂ ಬೈಸ್ತಾರಾ?" ಎಂದ ಚಿಕ್ಕವನು. ಉಜ್ಜುವ ಸದ್ದು ನಿಲ್ಲಲಿಲ್ಲ. "ಆ ಹೊಟ್ಟೆ ಇಟ್ಟುಕೊಂಡು ಪೈಪ್ ಜಗ್ಗಿದ್ದೀಯಲ್ಲ, ಬಾ ಮನೆಗೆ, ಅದಕ್ಕೆ ನಾನೇ ಬೈತೀನಿ."

ದೊಡ್ಡವನಿಗೆ ನಗು ಬಂತು, ಅಳುವೂ ಬಂತು, ಎರಡಕ್ಕೂ ಹೊಲಿಗೆ ಎಳೆಯಿತು. ಹೊಟ್ಟೆ ಹಿಡಿದುಕೊಂಡು ಗೋಡೆಯ ಕಡೆ ಹೊರಳಿದ. ನರ್ಸಮ್ಮ ಬಂದು, ಫೋನಿನಲ್ಲಿ ಮಾತಾಡಿದ್ದು ಸಾಕು, ಇಡಿ ಎಂದಳು. ಹೆಂಡತಿ ಎದ್ದು ಅಡ್ಡ ನಿಂತಳು.

"ಒಂದು ಸ್ವಲ್ಪ ಇರಲಿ ಸಿಸ್ಟರ್. ತಮ್ಮನ ಹತ್ರ ಮಾತಾಡ್ತಾ ಇದ್ದಾರೆ."

ನಿಜ ಹೇಳಬೇಕೆಂದರೆ ಆಗ ಇಬ್ಬರೂ ಮಾತಾಡುತ್ತಿರಲಿಲ್ಲ. ಒಬ್ಬನು ರಸ್ತೆ ಬದಿಯಲ್ಲಿ ಕೂತು ಕೆರೆಯುತ್ತಿದ್ದ, ಇನ್ನೊಬ್ಬನು ಕಣ್ಣು ಮುಚ್ಚಿ ಕೇಳುತ್ತಿದ್ದ. ನಡುನಡುವೆ ಸದ್ದು ನಿಲ್ಲುವುದು.

"ಅಣ್ಣಾ, ಇದ್ದೀಯಾ?"

"ಇದ್ದೀನಿ. ಕೆರಿ. ಕಬ್ಬಿಣ ಕಾಣೋ ತನಕ ಕೆರಿ."